ಹ್ಯಾಂಡಲ್ ಹೊಡೆಯುವ ಕೈ

ಹಳೆಯ ಕಾರುಗಳೆಂದರೆ ತಮಗೆ ಪ್ರಾಣ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತಾರೆ, ಸೀಟಿಗೆ ಹೊಸ ಚರ್ಮ ಹಾಕಿಸುತ್ತಾರೆ, ಪಟಗಾ ಸುತ್ತಿಕೊಂಡು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬಾನೆಟ್ ಎತ್ತಿ ಇದೇನು ಎಂದು ಕೇಳಿದರೆ ಡ್ರೈವರನ ಮುಖ ನೋಡುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ‘ಊರಿಗೆ ಬಂದ ಮೊದಲ ಕಾರು ನಮ್ಮ ಅಜ್ಜನದು’ ಎನ್ನುವ ಮನೆಗಳನ್ನು ನಾನೇ ಏಳೋ ಎಂಟೋ ಎಣಿಸಿದ್ದೇನೆ. ಅಷ್ಟೂ ಮೊದಲ ಕಾರುಗಳು ಒಂದೇ ದಿನ ಬಂದಿದ್ದರೆ ಉಣಕಲ್ಲ ಕೆರೆಯ ದಂಡೆಯ ಮೇಲೆ ಆವತ್ತೇ ಟ್ರಾಫಿಕ್ ಜಾಮ್ ಆಗಿರಬೇಕು.

ನಾನು ಹುಬ್ಬಳ್ಳಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಮೂವತ್ತು ವರ್ಷ ಎಂಜಿನ್ ಪಾಠ ಹೇಳಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಅವ್ವ ಮತ್ತು ನಾನು ಒಂದೇ ಮನೆಯಲ್ಲಿದ್ದೇವೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ‘ಸೈಲೆನ್ಸರ್’ ಎಂದು ಕರೆಯುತ್ತಿದ್ದರು. ನಾನು ಬಂದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು ಎಂಬುದು ಕಾರಣ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಹೋದ ವರ್ಷ, ಖಂಡೇನವಮಿಗೆ ಎರಡು ವಾರ ಇರುವಾಗ, ಒಬ್ಬ ಯಜಮಾನರು ಮನೆಗೆ ಬಂದರು. ಅವರ ಅಜ್ಜ, ಅಪ್ಪ ಇಬ್ಬರೂ ಹತ್ತಿಯ ಅರಳೆ ವ್ಯಾಪಾರದ ದೊಡ್ಡ ಸಾವುಕಾರರು. ಇವರು ಈಗ ಗಾಡಿಗಳ ಶೋರೂಮ್ ಇಟ್ಟಿದ್ದಾರೆ. ತಮ್ಮ ಹಳೆಯ ದೊಡ್ಡ ಮನೆಯಾದ ವಾಡೆಯ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ಅಜ್ಜನ ಕಾರನ್ನು ರಿಪೇರಿ ಮಾಡಿಸಿದ್ದಾರಂತೆ. ಖಂಡೇನವಮಿಯ ದಿನ, ಊರೆಲ್ಲ ಆಯುಧ ವಾಹನಗಳ ಪೂಜೆ ಮಾಡುವ ಹೊತ್ತಿಗೆ, ವಾಡೆಯ ಅಂಗಳದಲ್ಲಿ ಅದರ ಪೂಜೆ, ಮೊದಲ ಸ್ಟಾರ್ಟು, ಆಮೇಲೆ ಜನರಿಗೆ ಪ್ರದರ್ಶನ.

‘ಎಂಜಿನ್ ಹೆಂಗ ಹುಟ್ಟಿತು, ಕಾರ್ ಹೆಂಗ ರಸ್ತೇಕ ಬಂತು ಅಂತ ಒಂದ್ ಹತ್ತು ನಿಮಿಷ ಮಾತಾಡ್ರಿ ಮೇಡಮ್,’ ಎಂದರು. ‘ಹಗರಕ ಇರ್ಲಿ. ಮತ್ತ ಕಾರಿನ ಬಾಜೂಕ ನಿಲ್ಲಸಾಕ ಒಂದ್ ಬೋರ್ಡಿನ ಬರಹನೂ ಬರದ್ ಕೊಡ್ರಿ. ನಮ್ಮ ಅಪ್ಪಾರು ಹ್ಯಾಂಡಲ್ ಹೊಡ್ಯಾಕ ಹೋಗಿ ಕೈ ಮುರಕೊಂಡಿದ್ದು, ಅದೂ ಬರ್ಲಿ. ಜನಾ ಅಂಥಾದ್ದು ಭಾಳ ಓದ್ತಾರ.’

ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಆ ಕಾರಿಗೆ ಡ್ರೈವರ್ ಆಗಿದ್ದವನು ನನ್ನ ಅಪ್ಪ.

ನನಗೆ ಆಗ ಒಂಬತ್ತು ವರ್ಷ. ಆ ಕಾರು ಆಗಲೇ ಮುದಿಯಾಗಿತ್ತು. ದಿನದ ಓಡಾಟಕ್ಕೆ ಸಾವುಕಾರರ ಮನೆಯಲ್ಲಿ ಬೇರೆ ಗಾಡಿ ಇತ್ತು, ಇದನ್ನು ಖಂಡೇನವಮಿಗೆ ಮಾತ್ರ ಹೊರಗೆ ತೆಗೆಯುತ್ತಿದ್ದರು. ಆ ವರ್ಷ ಪೂಜೆ ಮುಗಿದು ಮನೆಯ ಪದ್ಧತಿಯಂತೆ ಸಾವುಕಾರರೇ, ಅಂದರೆ ಈ ಯಜಮಾನರ ಅಪ್ಪನೇ, ಎಂಜಿನ್ ಎಬ್ಬಿಸಲು ಮುಂದಿನ ಕಬ್ಬಿಣದ ಹಿಡಿಕೆ ತಿರುಗಿಸಿ ಮೊದಲ ಹ್ಯಾಂಡಲ್ ಹೊಡೆದರು. ಹ್ಯಾಂಡಲ್ ಹಿಮ್ಮುಖವಾಗಿ ತಿರುಗಿ ಒದೆಯಿತು, ಅವರ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಡ್ರೈವರ್ ಕಿಡಿಯ ಹೊತ್ತು ಹೊಂದಿಸುವ ಲಿವರನ್ನು ಮೇಲಿಡಲು ಮರೆತಿದ್ದ ಎಂದು ಅಲ್ಲೇ ತೀರ್ಪಾಯಿತು. ಮಧ್ಯಾಹ್ನದ ಹೋಳಿಗೆ ಊಟಕ್ಕೆ ಮುಂಚೆ ಅಪ್ಪನನ್ನು ಕೆಲಸದಿಂದ ತೆಗೆದರು. ಮುಂದೆ ಯಾವ ಮನೆಯವರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಅವನು ಕಮರಿಪೇಟೆಯ ಒಂದು ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಸಾಯುವ ತನಕ ಮೈಮೇಲೆ ಜೋಳದ ಹಿಟ್ಟು ಹೊತ್ತುಕೊಂಡೇ ತಿರುಗಿದ. ಸಾಲಿಯಲ್ಲಿ ಹುಡುಗಿಯರು ನನ್ನನ್ನು ‘ಕೈ ಮುರದಾಂವನ ಮಗಳು’ ಎನ್ನುತ್ತಿದ್ದರು. ನಾನು ಅವರ ಮೇಲಿಗಿಂತ ಹೆಚ್ಚಾಗಿ ಅಪ್ಪನ ಮೇಲೆ ಸಿಟ್ಟಾಗುತ್ತಿದ್ದೆ.

ಎಂಜಿನ್ ವಿದ್ಯೆಯನ್ನು ನಾನು ಕಲಿತದ್ದು ಮೊದಲು ಆ ಗಿರಣಿಯಲ್ಲೇ. ಬುತ್ತಿ ಕೊಡಲು ಹೋದಾಗ ನೋಡುತ್ತಿದ್ದೆ. ಒಂದೇ ಸಿಲಿಂಡರಿನ ಎಣ್ಣೆ ಎಂಜಿನ್, ಅದರ ತಲೆಯ ಮೇಲೆ ಕಬ್ಬಿಣದ ಬುರುಡೆ. ಅಪ್ಪ ಬೆಂಕಿಯ ದೀಪ ಹಿಡಿದು ಆ ಬುರುಡೆಯನ್ನು ಕೆಂಪಗೆ ಕಾಯಿಸಿ, ಆಮೇಲೆ ದೊಡ್ಡ ಗಾಲಿಯನ್ನು ಹಿಡಿದು ತೂಗಿ ಬಿಡುತ್ತಿದ್ದ. ಕಾದ ಬುರುಡೆಯೊಳಗೆ ಬಿದ್ದ ಎಣ್ಣೆ ತಾನೇ ಹತ್ತಿಕೊಳ್ಳುತ್ತಿತ್ತು. ಅದಕ್ಕೆ ಕಿಡಿಯೂ ಇಲ್ಲ, ಲಿವರೂ ಇಲ್ಲ. ಮರೆಯುವವನಿಗೆ ತಕ್ಕ ಎಂಜಿನ್ ಸಿಕ್ಕಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡದ್ದುಂಟು.

ಇಷ್ಟಾದ ಮೇಲೂ ಯಜಮಾನರಿಗೆ ಒಪ್ಪಿಗೆ ಕೊಟ್ಟೆ. ಕೊಡಲು ಕಾರಣ ನನ್ನ ಸೊಕ್ಕು. ವಿಜ್ಞಾನದಲ್ಲಿ ಅಪ್ಪ ಮಗಳು ಎಂಬ ಸಂಬಂಧವಿಲ್ಲ ಎಂದು ಕ್ಲಾಸಿನಲ್ಲಿ ದೊಡ್ಡದಾಗಿ ಹೇಳುತ್ತಿದ್ದವಳು ನಾನು. ಕಿಡಿಯ ಹೊತ್ತಿನ ಪಾಠ ಬಂದಾಗ ಪ್ರತಿ ವರ್ಷ ‘ನಮ್ಮೂರಲ್ಲೊಬ್ಬ ಡ್ರೈವರ್ ಇದ್ದ’ ಎಂದು ಶುರುಮಾಡಿ, ಮರೆಗುಳಿತನಕ್ಕೆ ಅವನನ್ನೇ ಉದಾಹರಣೆ ಕೊಡುತ್ತಿದ್ದೆ. ಹುಡುಗರು ನಗುತ್ತಿದ್ದರು. ಬೋರ್ಡಿಗೂ ಅದನ್ನೇ ಬರೆದೆ: ‘ಚಾಲಕನು ಕಿಡಿಯ ಲಿವರನ್ನು ಮೇಲಿಡಲು ಮರೆತಿದ್ದರಿಂದ ಹ್ಯಾಂಡಲ್ ಒದ್ದು ಮಾಲೀಕರ ಕೈ ಮುರಿಯಿತು.’ ಎಂಥ ನಿಷ್ಪಕ್ಷಪಾತಿ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾಷಣವನ್ನೂ ಬರೆದೆ. ಹಗುರಾಗಿರಲಿ ಎಂದಿದ್ದರು, ನನಗೆ ಹಗುರಾಗಿ ಬರೆಯಲು ಬರುವುದಿಲ್ಲ. ಕಾರನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಬೇಕು ಎನ್ನುವ ಜನರ ಸೋಮಾರಿತನದಿಂದ ಶುರುಮಾಡಿದೆ. ಸಾವಿರದ ಎಂಟುನೂರ ಅರವತ್ತರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಒಬ್ಬ ಗ್ಯಾಸ್ ಎಂಜಿನ್ ಮಾಡಿ ಮಾರಿದ. ಅದು ಬೀದಿದೀಪದ ಗ್ಯಾಸು ಮತ್ತು ಗಾಳಿಯನ್ನು ಪಿಸ್ಟನ್ ಅರ್ಧ ದಾರಿ ಹೋಗುವ ತನಕ ಹೀರಿಕೊಂಡು, ಹಾಗೆಯೇ ಕಿಡಿ ಹಚ್ಚುತ್ತಿತ್ತು. ಮೊದಲು ಒತ್ತಿ ಬಿಗಿ ಮಾಡಬೇಕು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಹೀಗಾಗಿ ಗ್ಯಾಸನ್ನು ಬಕಾಸುರನಂತೆ ತಿಂದು, ಅದರ ಬಿಸಿಯ ಬಹುಪಾಲನ್ನು ಸಿಲಿಂಡರಿನ ಗೋಡೆಗಳಿಗೆ ದಾನ ಮಾಡಿ, ಉಳಿದ ಚೂರಿನಲ್ಲಿ ಕೆಲಸ ಮಾಡುತ್ತಿತ್ತು. ಎರಡು ವರ್ಷ ಕಳೆದು ಒಬ್ಬ ಫ್ರೆಂಚ್ ಪಂಡಿತ ಸರಿಯಾದ ದಾರಿಯನ್ನು ಒಂದು ಪುಸ್ತಿಕೆಯಲ್ಲಿ ಬರೆದ: ಪಿಸ್ಟನ್ನಿನ ಒಂದು ಏಟಿನಲ್ಲಿ, ಅಂದರೆ ಒಂದು ಓಟದಲ್ಲಿ, ಹೀರು, ಎರಡನೆಯದರಲ್ಲಿ ಒತ್ತು, ಮೂರನೆಯದರಲ್ಲಿ ಹೊತ್ತಿಸಿ ತಳ್ಳಿಸಿಕೋ, ನಾಲ್ಕನೆಯದರಲ್ಲಿ ಸುಟ್ಟದ್ದನ್ನು ಉಗುಳು. ಬರೆದು ಕೈ ತೊಳೆದುಕೊಂಡ. ಒಂದು ಬೋಲ್ಟನ್ನೂ ತಿರುಗಿಸಲಿಲ್ಲ. ಅದನ್ನು ಮಾಡಿ ತೋರಿಸಿದವನು ಜರ್ಮನಿಯಲ್ಲಿ ಊರೂರು ತಿರುಗಿ ಚಹಾ ಸಕ್ಕರೆ ಮಾರುತ್ತಿದ್ದ ಒಬ್ಬ ಮನುಷ್ಯ. ಅವನು ಎಂಜಿನಿಯರಿಂಗ್ ಓದಿರಲಿಲ್ಲ. ಹದಿನೈದು ವರ್ಷ ಹೆಣಗಿ ನಾಲ್ಕು ಏಟಿನ ಎಂಜಿನ್ ಓಡಿಸಿದ; ಆಮೇಲೆ ವಕೀಲರು ಆ ಹಳೆಯ ಪುಸ್ತಿಕೆಯನ್ನು ಹುಡುಕಿ ತೆಗೆದು ಅವನ ಪೇಟೆಂಟನ್ನು ಕಿತ್ತುಕೊಂಡರು. ಕೆಲಸ ಮಾಡಿದವನಿಗಿಂತ ಕಾಗದಕ್ಕೆ ಮರ್ಯಾದೆ ಹೆಚ್ಚು; ಅದು ಎಲ್ಲ ದೇಶಗಳಲ್ಲೂ ಹಾಗೆಯೇ.

ಆ ಎಂಜಿನ್ ಆಳೆತ್ತರ, ಟನ್ನುಗಟ್ಟಲೆ ಭಾರ, ಗ್ಯಾಸಿನ ಕೊಳವೆಗೆ ಕಟ್ಟಿಹಾಕಿದ ಎಮ್ಮೆ. ರಸ್ತೆಗೆ ಬರಬೇಕಾದರೆ ಮೂರು ಕೆಲಸ ಆಗಬೇಕಿತ್ತು. ತಿನ್ನುವುದನ್ನು ಜೊತೆಗೆ ಹೊತ್ತೊಯ್ಯಬೇಕು, ವೇಗವಾಗಿ ತಿರುಗಬೇಕು, ಪ್ರತಿ ಸಲ ಹೇಳಿದ ಹೊತ್ತಿಗೆ ಹೊತ್ತಿಕೊಳ್ಳಬೇಕು. ಮೊದಲನೆಯದಕ್ಕೆ ಪೆಟ್ರೋಲು ಸಿಕ್ಕಿತು. ಆಗ ಅದು ಔಷಧದ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲೆಂದು ಬಾಟಲಿಯಲ್ಲಿ ಮಾರುತ್ತಿದ್ದ ದ್ರವ. ಅದರ ಮೇಲೆ ಗಾಳಿ ಹಾಯಿಸಿ ಆವಿ ಎಬ್ಬಿಸುವ ಡಬ್ಬಿ ಮೊದಲು ಬಂತು, ಸೂಜಿಯಂಥ ತೂತಿನಿಂದ ಚಿಮುಕಿಸುವ ಕಾರ್ಬ್ಯುರೇಟರ್ ಆಮೇಲೆ. ವೇಗದ ಕೆಲಸವನ್ನು ಇಬ್ಬರು ಗೆಳೆಯರು ತೋಟದ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಮಾಡಿದರು. ಒಳಗಿನ ಟಣಟಣ ಸದ್ದು ಕೇಳಿ, ಇವರು ಖೋಟಾ ನಾಣ್ಯ ಅಚ್ಚು ಹಾಕುತ್ತಿದ್ದಾರೆ ಎಂದು ತೋಟದ ಆಳು ಪೊಲೀಸರನ್ನು ಕರೆತಂದನಂತೆ. ಸಿಕ್ಕಿದ್ದು ಎಂಜಿನ್ನು. ಅಲ್ಲಿಯ ತನಕ ನಿಮಿಷಕ್ಕೆ ನೂರೆಂಬತ್ತು ಸುತ್ತು ತಿರುಗಿದರೆ ಹೆಚ್ಚು ಎನ್ನುತ್ತಿದ್ದ ಕಡೆ ಇವರದು ಆರುನೂರು ತಿರುಗಿತು.

ಅದೇ ಹೊತ್ತಿಗೆ ಬೇರೊಂದು ಊರಿನಲ್ಲಿ ಮತ್ತೊಬ್ಬ ಮೂರು ಗಾಲಿಯ ಗಾಡಿ ಮಾಡಿ, ಬ್ಯಾಟರಿ ಮತ್ತು ಸುರುಳಿಯಿಂದ ಕಿಡಿ ಹಾರಿಸಿ ಓಡಿಸಿದ. ಓಡಿಸಿದ ಎಂದರೆ ಮನೆಯ ಸುತ್ತಮುತ್ತ. ಜನ ಕೊಳ್ಳಲಿಲ್ಲ, ಅವನಿಗೆ ಹೊರಗೆ ತೆಗೆಯಲು ಹೆದರಿಕೆ. ಕೊನೆಗೆ ಹೆಂಡತಿ ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ನೂರು ಕಿಲೋಮೀಟರ್ ದೂರದ ತವರಿಗೆ ಹೊರಟುಬಿಟ್ಟಳು. ದಾರಿಯಲ್ಲಿ ಪೆಟ್ರೋಲಿನ ಕೊಳವೆ ಕಟ್ಟಿತು, ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆಯಿತು, ಕಾಲುಚೀಲದ ಪಟ್ಟಿ ಸುತ್ತಿದಳು. ಔಷಧದ ಅಂಗಡಿಯಲ್ಲಿ ಪೆಟ್ರೋಲು ಕೊಂಡಳು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನ ಹತ್ತಿರ ನಿಲ್ಲಿಸಿ ಚರ್ಮ ಹೊಡೆಸಿದಳು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ತಿರುಗಿ ಬಂದು, ಏರಿಗೆ ಇನ್ನೊಂದು ಗೇರು ಬೇಕು ಎಂದು ಗಂಡನಿಗೆ ಹೇಳಿದಳು. ಕಾರು ಮಾಡಿದವನ ಚಿತ್ರ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಅದನ್ನು ರಸ್ತೆಗೆ ತಂದವಳಿಗೆ ನಾಲ್ಕು ಸಾಲು ಸಿಕ್ಕರೆ ಪುಣ್ಯ. ಇಂಗ್ಲೆಂಡಿನ ದೊಡ್ಡ ಮನುಷ್ಯರಂತೂ ಎಂಜಿನ್ ಗಾಡಿಯ ಮುಂದೆ ಒಬ್ಬ ಆಳು ನಡೆದುಕೊಂಡು ಹೋಗಬೇಕು ಎಂದು ಕಾನೂನು ಮಾಡಿಕೊಂಡು ಕೂತಿದ್ದರು.

ಸಾಮಾನ್ಯ ಜನರ ರಸ್ತೆಗೆ ಕಾರು ಬಂದದ್ದು ಇಪ್ಪತ್ತು ವರ್ಷ ಕಳೆದು, ಅಮೆರಿಕದಲ್ಲಿ. ಹೊಲದ ದಾರಿಯ ಕೊರಕಲಿನಲ್ಲೂ ಕುಣಿದುಕೊಂಡು ಹೋಗುವ ಎತ್ತರದ ಕಾರು, ಕಮ್ಮಾರನೂ ರಿಪೇರಿ ಮಾಡಬಹುದಾದ ಎಂಜಿನ್, ಲಕ್ಷಗಟ್ಟಲೆ ತಯಾರಾಯಿತು. ಸಾವುಕಾರರ ಕಾರು ಅದೇ ಜಾತಿಯದು. ಹೀಗೆ ಬರೆದು, ಕೊನೆಗೆ ಹ್ಯಾಂಡಲಿಗೂ ಒಂದು ಪುಟ ಕೊಟ್ಟೆ. ಈ ಎಂಜಿನ್ ತಾನಾಗಿ ಏಳುವುದಿಲ್ಲ. ಮೊದಲ ಹೀರು, ಮೊದಲ ಒತ್ತು ಎರಡನ್ನೂ ಮನುಷ್ಯನ ತೋಳು ಮಾಡಿಸಬೇಕು. ಒಳಗಿನ ಮಿಶ್ರಣ ಉರಿಯಲು ಒಂದು ಕ್ಷಣ ಹಿಡಿಯುತ್ತದೆ. ಆದ್ದರಿಂದ ಓಡುವಾಗ ಪಿಸ್ಟನ್ ಮೇಲಕ್ಕೆ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. ಕೈಯಿಂದ ತಿರುಗಿಸುವಾಗ ಪಿಸ್ಟನ್ ನಿಧಾನ. ಆಗಲೂ ಕಿಡಿ ಅವಸರ ಮಾಡಿದರೆ, ಏರುತ್ತಿರುವ ಪಿಸ್ಟನ್ನನ್ನು ಸ್ಫೋಟ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ಉಲ್ಟಾ ತಿರುಗಿ ಕೈ ಮುರಿಯುತ್ತದೆ. ವೈದ್ಯರ ಪುಸ್ತಕದಲ್ಲಿ ಮಣಿಕಟ್ಟಿನ ಆ ಮುರಿತಕ್ಕೆ ಡ್ರೈವರನ ಹೆಸರನ್ನೇ ಇಟ್ಟಿದ್ದಾರೆ. ಅದಕ್ಕಾಗಿಯೇ ಸ್ಟೀಯರಿಂಗಿನ ಕೆಳಗೆ ಎಡಕ್ಕೊಂದು ಲಿವರ್. ಮೇಲೆ ಇದ್ದರೆ ಕಿಡಿ ತಡ, ಕೆಳಗೆ ಎಳೆದರೆ ಬೇಗ. ಬಲಗಡೆಯದು ಪೆಟ್ರೋಲಿನದು. ಎರಡೂ ಹಲ್ಲು ಕೊರೆದ ಪಟ್ಟಿಯ ಮೇಲೆ ಸರಿಯುತ್ತವೆ. ಹ್ಯಾಂಡಲ್ ಹೊಡೆಯುವ ಮುಂಚೆ ಎಡದ್ದು ಪೂರಾ ಮೇಲೆ, ಬಲದ್ದು ನಾಲ್ಕು ಹಲ್ಲು ಕೆಳಗೆ. ಹೊಡೆಯುವುದು ಎಡಗೈಯಿಂದ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯುವುದು. ಹೀಗೆ ಮಾಡಿದರೆ ಒದ್ದರೂ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ.

ಖಂಡೇನವಮಿಯ ದಿನ ಬೆಳಿಗ್ಗೆ ವಾಡೆಗೆ ಹೋದೆ. ಕಾರು ಮದುವಣಗಿತ್ತಿಯಂತೆ ನಿಂತಿತ್ತು. ಹಿಂದೆ ನನ್ನ ಬರಹದ ದೊಡ್ಡ ಫ್ಲೆಕ್ಸು. ಅದರ ನಡುವೆ ವಾಡೆಯ ಗೋಡೆಯ ಮೇಲಿದ್ದ, ಕೈ ಮುರಿದ ಆ ವರ್ಷದ ಒಂದು ಫೋಟೋ ಆಳೆತ್ತರ ದೊಡ್ಡದು ಮಾಡಿಸಿ ಹಾಕಿದ್ದರು. ಪೂಜೆ ಮುಗಿದು, ಹ್ಯಾಂಡಲ್ ಹೊಡೆಯುವ ಮುಂಚಿನ ಗಳಿಗೆಯಲ್ಲಿ ಸ್ಟುಡಿಯೋದವರು ಬಂದು ತೆಗೆದದ್ದಂತೆ. ಸಾವುಕಾರರು ಕಾರಿನ ಮುಂದೆ ಎದೆ ಉಬ್ಬಿಸಿಕೊಂಡು ನಿಂತಿದ್ದಾರೆ. ದೂರದಲ್ಲಿ, ಕಂಪೌಂಡಿನ ಗೋಡೆಗೆ ಒತ್ತಿ, ಕೈ ಕಟ್ಟಿಕೊಂಡು ನನ್ನ ಅಪ್ಪ. ಅವನ ಅಷ್ಟು ಎಳೆಯ ಮುಖವನ್ನು ನಾನು ಮರೆತೇಬಿಟ್ಟಿದ್ದೆ.

‘ಡ್ರೈವರ್ ಯಾಕ್ರಿ ಅಷ್ಟ್ ದೂರ ನಿಂತಾನ?’ ಎಂದು ಯಜಮಾನರನ್ನು ಕೇಳಿದೆ.

‘ಪೂಜಿ ಶುರು ಆದಮ್ಯಾಲ ಆಳುಮಕ್ಕಳು ಗಾಡಿ ಮುಟ್ಟೂ ಹಂಗಿಲ್ರಿ. ಅವಾ ಮೊದಲ ಎಲ್ಲಾ ರೆಡಿ ಮಾಡಿ ದೂರ ಸರಿಯಾಂವ. ಆಮ್ಯಾಲ ಮನಿ ಮಂದೀನs ಎಲ್ಲಾ ಮಾಡೋದು.’

ಒಳಗಿನಿಂದ ಅವರ ಸೊಸೆ ಚೆಂಡುಹೂವಿನ ಮಾಲೆ ತಂದಳು. ಒಳ್ಳೆಯ ಹುಡುಗಿ, ಫೋಟೋದಲ್ಲಿ ಇದ್ದಂತೆಯೇ ಕಾಣಬೇಕು ಎಂದು ಅವಳ ಆಸೆ. ಫ್ಲೆಕ್ಸನ್ನು ನೋಡುತ್ತ, ಕಾರನ್ನು ನೋಡುತ್ತ ಹೂ ಕಟ್ಟುತ್ತಿದ್ದಳು. ದೀಪಗಳಿಗೆ ಆಯಿತು, ರೇಡಿಯೇಟರಿಗೆ ಆಯಿತು. ಕೊನೆಯ ಮಾಲೆಯ ಒಂದು ತುದಿಯನ್ನು ಸ್ಟೀಯರಿಂಗಿನ ಕೆಳಗಿನ ಎಡ ಲಿವರಿಗೆ ಗಂಟು ಹಾಕಿ, ಇನ್ನೊಂದನ್ನು ಬಾಗಿಲ ಹಿಡಿಕೆಗೆ ತಂದಳು. ಮಾಲೆ ಜೋಲುಬಿತ್ತು. ಜೋತರೆ ಚಂದ ಕಾಣುವುದಿಲ್ಲ ಎಂದು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದಳು.

ಕಟಕಟ ಎಂದು ಸದ್ದಾಯಿತು. ಲಿವರ್ ಹಲ್ಲುಗಳ ಮೇಲೆ ಜಾರಿ ಪೂರಾ ಕೆಳಗೆ ಬಂತು. ಅವಳು ಅದನ್ನು ನೋಡಲೂ ಇಲ್ಲ. ಯಾರೂ ನೋಡಲಿಲ್ಲ.

ನಾನು ಫ್ಲೆಕ್ಸಿನ ಹತ್ತಿರ ಹೋದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಫೋಟೋದಲ್ಲೂ ಅದೇ ಜಾಗದಲ್ಲಿ, ಅದೇ ಬಾಗಿಲ ಹಿಡಿಕೆಗೆ, ಬಿಗಿಯಾಗಿ ಎಳೆದು ಕಟ್ಟಿದ ಮಾಲೆ. ಬಲಗಡೆಯ ಲಿವರ್ ನಾಲ್ಕು ಹಲ್ಲು ಕೆಳಗಿತ್ತು, ಹೇಗಿರಬೇಕೋ ಹಾಗೆ. ಅಷ್ಟು ಲೆಕ್ಕ ಹಿಡಿದು ಇಟ್ಟವನು ಎಡದ್ದನ್ನು ಮರೆಯುವವನಲ್ಲ. ಎಡದ್ದರ ತುದಿಗೆ ಮಾಲೆಯ ಗಂಟಿತ್ತು, ಅದು ಪೂರಾ ಕೆಳಗಿತ್ತು. ಅಪ್ಪ ಇದ್ದದ್ದು ಇಪ್ಪತ್ತು ಹೆಜ್ಜೆ ದೂರದ ಗೋಡೆಯ ಹತ್ತಿರ. ಊರ ಜನ ನೋಡಲಿ ಎಂದು ಇಷ್ಟು ವರ್ಷ ಗೋಡೆಗೆ ತೂಗುಹಾಕಿದ್ದ ಫೋಟೋವನ್ನು ಆ ಮನೆಯ ಒಬ್ಬರೂ ಒಂದು ಸಲ ಕಣ್ಣು ತೆರೆದು ನೋಡಿರಲಿಲ್ಲ.

ಅಷ್ಟರಲ್ಲಿ ಯಜಮಾನರು ತೋಳು ಮೇಲೇರಿಸಿ ಹ್ಯಾಂಡಲಿನ ಹತ್ತಿರ ಬಂದಿದ್ದರು. ಬಲಗೈಯಿಂದ ಹಿಡಿದು, ಹೆಬ್ಬೆರಳನ್ನು ಸುತ್ತ ಬಿಗಿದು, ಮೇಲಿನಿಂದ ಕೆಳಕ್ಕೆ ಒತ್ತಲು ಮೈಭಾರ ಹಾಕಿ ನಿಂತರು. ಕಿಡಿಯ ಪೆಟ್ಟಿಗೆಯ ಕೀಲಿ ತಿರುಗಿಸಿ ಆಗಿತ್ತು.

‘ಕೈ ಬಿಡ್ರಿ!’ ಎಂದು ಕ್ಲಾಸಿನ ಗಂಟಲಿನಲ್ಲಿ ಕೂಗಿದೆ. ಭಟ್ಟರ ಮಂತ್ರ ನಿಂತಿತು. ನಾನು ಓಡಿಹೋಗಿ ಕೀಲಿ ತಿರುಗಿಸಿ ಕಿತ್ತುಕೊಂಡೆ.

‘ಏನ್ ಮಾಡಾಕತ್ತೀರಿ ಮೇಡಮ್? ಪೂಜಿ ನಡದೈತಿ!’

‘ಆ ಹೂವಿನ ಮಾಲಿ ಅಲ್ಲಿ ಕಟ್ಟೋದು ಯಾವಾಗಿಂದ ಐತ್ರಿ ನಿಮ್ಮ ಮನ್ಯಾಗ?’

‘ಆ ಕೈ ಮುರದ ವರ್ಷs ಮೊದಲ ಕಟ್ಟಿದ್ದಂತ. ಫೋಟೋದಾಗ ನೋಡ್ರಿ ಬೇಕಾರ.’

‘ನೋಡೇನಿ. ಈಗ ನೀವು ಬರ್ರಿ, ಇದನ್ನ ನೋಡ್ರಿ.’

ಬಾನೆಟ್ ಎತ್ತಿಸಿದೆ. ಎಂಜಿನ್ನಿನ ಮುಂದಿನ ತುದಿಯಲ್ಲಿ ಅಂಗೈಯಗಲದ ಒಂದು ದುಂಡು ಡಬ್ಬಿ ಇದೆ. ಯಾವ ಸಿಲಿಂಡರಿಗೆ ಯಾವಾಗ ಕಿಡಿ ಎಂಬುದನ್ನು ಅದು ಹೇಳುತ್ತದೆ. ಲಿವರಿನಿಂದ ಅದಕ್ಕೊಂದು ಸರಳು. ಮಾಲೆಯ ದಾರ ಬಿಚ್ಚಿ ಲಿವರನ್ನು ಮೇಲಕ್ಕೆ ಒಯ್ದೆ, ಡಬ್ಬಿ ಒಂದು ಕಡೆಗೆ ತಿರುಗಿತು. ದಾರ ಮತ್ತೆ ಎಳೆದೆ, ಇನ್ನೊಂದು ಕಡೆಗೆ ಹೊರಳಿತು. ಮೂರು ಸಲ ಮಾಡಿ ತೋರಿಸಿದೆ. ಈ ಮಾಲೆಯೊಂದಿಗೆ ಹ್ಯಾಂಡಲ್ ಹೊಡೆದಿದ್ದರೆ ಈಗ ನಿಮ್ಮ ಕೈ ನಿಮ್ಮ ಅಪ್ಪನ ಕೈ ಮುರಿದಲ್ಲೇ ಮುರಿಯುತ್ತಿತ್ತು ಎಂದು ಬಿಡಿಸಿ ಹೇಳಿದೆ. ಸೊಸೆಯ ಮುಖ ಬಿಳಿಚಿತು. ಅವಳಿಗೆ ನಿನ್ನದೇನೂ ತಪ್ಪಿಲ್ಲವ್ವ ಎಂದೆ, ಅದೊಂದೇ ಮಾತನ್ನು ಆವತ್ತು ಮೆತ್ತಗೆ ಹೇಳಿದ್ದು.

ಯಜಮಾನರು ಮಾಲೆಯ ದಾರವನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ, ‘ಎಡಗೈಲೆ ಹೊಡದಿದ್ರೂ ಕೈ ಉಳೀತಿತ್ತೇನ್ರಿ?’ ಎಂದರು.

‘ಉಳೀತಿತ್ತು.’

‘ಮೊದಮೊದಲ ಹಬ್ಬಕ್ಕೂ ಆ ಡ್ರೈವರ್ ಎಡಗೈಲೇನs ಹೊಡೀತಿದ್ನಂತ. ನಮ್ಮ ಅಪ್ಪಾರು, ಹಬ್ಬದ ದಿನಾ ಎಡಗೈ ಹಚ್ಚತಿಯೇನಲೇ ಅಂತ ಬೈದು, ತಾವs ಬಲಗೈಲೆ ಹೊಡ್ಯಾಕ ಶುರು ಮಾಡಿದ್ರಂತ.’

ಎಂಥ ಮಡಿವಂತಿಕೆ! ಕಿಡಿ ಕೈಯ ಶುಭಾಶುಭ ಕೇಳಿ ಹಾರುತ್ತದೆ ಎಂದುಕೊಂಡಿದ್ದರು. ಸರಿಯಾಗಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಕೈಯನ್ನು ದೂರ ನಿಲ್ಲಿಸಿ, ತಾವು ತಪ್ಪಾಗಿ ಹೊಡೆದು, ತಪ್ಪನ್ನು ದೂರ ನಿಂತವನ ತಲೆಗೆ ಕಟ್ಟಿದರು. ಇಷ್ಟನ್ನೂ ನಾನು ಅಲ್ಲೇ, ಎಲ್ಲರ ಎದುರಿಗೆ ಅಂದೆ. ಅಂದು, ಆ ಬೋರ್ಡಿನ ಸಾಲನ್ನು ಈಗಲೇ ಅಳಿಸಬೇಕು ಎಂದೆ.

ಯಜಮಾನರು ಫ್ಲೆಕ್ಸಿನ ಕಡೆ ತಿರುಗಿ ನೋಡಿದರು. ‘ಬರದಾವರು ನೀವs ಅಲ್ಲೇನ್ರಿ, ಮೇಡಮ್?’ ಎಂದರು. ಅವರು ವ್ಯಂಗ್ಯವಾಗಿ ಹೇಳಲಿಲ್ಲ, ನಿಜವಾಗಿಯೇ ಕೇಳಿದರು.

ಪೂಜೆಯ ತಟ್ಟೆಯಲ್ಲಿದ್ದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಆ ಸಾಲಿನ ಮೇಲೆ ತಿಕ್ಕಿದೆ. ಅಕ್ಷರಗಳು ಇನ್ನೂ ಕಂಡವು. ಸೊಸೆ ತಾನಾಗಿ ಒಂದು ಬಿಳಿ ಹಾಳೆ ತಂದು ಅಂಟಿಸಿದಳು. ಆಮೇಲೆ ನಾನೇ ಲಿವರ್ ಮೇಲಿಟ್ಟೆ, ಕೀಲಿ ಹಾಕದೆಯೇ, ಪೆಟ್ರೋಲು ಹೆಚ್ಚು ಹೀರಿಸುವ ಚೋಕಿನ ತಂತಿ ಎಳೆದು ಹ್ಯಾಂಡಲನ್ನು ಎರಡು ಸುತ್ತು ತಿರುಗಿಸಿದೆ, ಕೀಲಿ ಹಾಕಿದೆ. ಎಡಗೈಯಿಂದ ಮೇಲಕ್ಕೆ ಎಳೆದೆ. ಮೊದಲ ಸಲ ಕೆಮ್ಮಿತು, ಎರಡನೆಯ ಸಲ ಹತ್ತಿಕೊಂಡಿತು. ಅಂಗಳದವರೆಲ್ಲ ಚಪ್ಪಾಳೆ ಹೊಡೆದರು.

ಮೈಕಿನ ಮುಂದೆ ನಿಂತು, ಬರೆದುಕೊಂಡು ಹೋಗಿದ್ದ ಫ್ರೆಂಚರು ಜರ್ಮನರನ್ನೆಲ್ಲ ಬದಿಗಿಟ್ಟೆ. ಈ ಕಾರನ್ನು ಸರಿಯಾಗಿ ಸ್ಟಾರ್ಟ್ ಮಾಡಲು ಬರುತ್ತಿದ್ದವನು ಈ ಮನೆಯಲ್ಲಿ ಒಬ್ಬನೇ ಇದ್ದ, ಫೋಟೋದಲ್ಲಿ ಗೋಡೆಯ ಹತ್ತಿರ ನಿಂತಿದ್ದಾನಲ್ಲ ಅವನು, ಅವನದು ತಪ್ಪಿರಲಿಲ್ಲ, ನಾನು ಅವನ ಮಗಳು ಎಂದೆ. ಎರಡು ನಿಮಿಷವೂ ಆಗಲಿಲ್ಲ. ಯಜಮಾನರು ಬಂದು ಎರಡೂ ಕೈಗಳನ್ನು ಹಿಡಿದುಕೊಂಡರು, ತಪ್ಪಾತು ಎಂದರು. ನಾನು ಮನೆಯ ಕಡೆ ಬರುವಾಗ, ಬಹಳ ವರ್ಷಗಳಿಂದ ಹೊತ್ತಿದ್ದ ಕೊಳೆ ತೊಳೆದು ಬಂದಂತೆ ಬೀಗುತ್ತಿದ್ದೆ. ಈ ಊರಿನ ಸಾವುಕಾರಿಕೆ, ಮಡಿ, ಫೋಟೋದ ಶೋಕಿ ಎಲ್ಲವನ್ನೂ ಆಟೋದಲ್ಲಿ ಕೂತು ಮನಸಾರೆ ಬೈದುಕೊಂಡೆ.

ಅವ್ವ ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಮಾಲೆ, ದಾರ, ಲಿವರು, ಫೋಟೋ, ಮೈಕು.

‘ಅಪ್ಪಂದು ತಪ್ಪಿರಲಿಲ್ಲವ್ವಾ,’ ಎಂದೆ.

‘ಗೊತ್ತೈತಿ,’ ಎಂದಳು.

‘ನಿನಗ ಹೆಂಗ ಗೊತ್ತು?’

‘ಅಂವಾ ಅವತ್ತs ಹೇಳಿದ್ನಲ್ಲ. ಮಾಲಿ ಎಳದ ಕಟ್ಟಿದ್ದಕ್ಕ ಹಂಗಾತ್ರಿ ಅಂತ ಅವರ ಮುಂದನೂ ಹೇಳಿದ್ದಾ. ದೇವರ ಹೂವಿನ ಮ್ಯಾಲ ತಪ್ಪ ಹಾಕ್ತಾನ ಅಂತ ಅದಕ್ಕs ಕೆಲಸಾ ತಗದ್ರು.’

ನನಗೆ ಸಿಟ್ಟು ನೆತ್ತಿಗೇರಿತು. ‘ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ? ಅಷ್ಟ್ ವರ್ಷ ನಾ ಏನೇನ ಅಂದುಕೊಂಡ್ನಿ!’

ಅವ್ವ ಒಂದು ಕಡ್ಡಿಯ ಎಲೆ ಬಿಡಿಸಿ ಮುಗಿಸಿದಳು. ‘ಹೇಳಿದ್ದಾ. ನೀ ಡಿಪ್ಲೊಮಾ ಸೇರಿದ ವರ್ಸಾ. ಪುಸ್ತಕಾ ಹಿಡಕೊಂಡು ಗಿರಣಿಗೆ ಹೋಗಿದ್ದಿ, ಅಪ್ಪಗ ಪಾಠಾ ಹೇಳಾಕ. ಕಿಡಿ ಮೊದಲ ಬಂದ್ರ ಹ್ಯಾಂಡಲ್ ಒದೀತೈತಿ ಅಂತ ಓದಿ ತೋರಿಸಿದಿ. ಅಂವಾ ಖುಷಿ ಆಗಿ, ಹೌದವ್ವಾ, ಅವತ್ತ ಹೂವಿನ ಮಾಲಿ ಲಿವರ್ ಎಳದಿತ್ತು ಅಂದಾ. ನೀ ನಕ್ಕಿ. ಹೂವಿನ ಭಾರಕ್ಕ ಲಿವರ್ ಇಳೀತೈತೇನು ಅಪ್ಪಾ, ಹೋಗಪಾ ಅಂದಿ. ಗಿರಣ್ಯಾಗಿನ ಮಂದಿನೂ ನಕ್ಕರು.’

‘ನನಗ ನೆನಪಿಲ್ಲ,’ ಎಂದೆ. ನಿಜವಾಗಿಯೂ ನೆನಪಿರಲಿಲ್ಲ. ಈಗಲೂ ಇಲ್ಲ, ಎಷ್ಟು ಸಲ ಕಣ್ಣು ಮುಚ್ಚಿ ಕೂತರೂ ಆ ದಿನ ಬರುವುದಿಲ್ಲ.

‘ಅವಗ ನೆನಪಿತ್ತು,’ ಎಂದಳು ಅವ್ವ. ‘ಸಾವ್ಕಾರ್ರು ನಂಬಲಿಲ್ಲ ಅಂತ ಅಂವಾ ಎಂದೂ ಸಂಕಟಾ ಮಾಡಲಿಲ್ಲ. ನೀ ನಕ್ಕ ದಿನಾ ಮನೀಗೆ ಬಂದು ಊಟಾ ಮಾಡಲಿಲ್ಲ. ಆಮ್ಯಾಲ ಆ ಮಾತು ಯಾರ ಮುಂದೂ ತಗೀಲಿಲ್ಲ.’